ಜನಸಾಗರದಲ್ಲಿ ಒಬ್ಬೊಬ್ಬರು

ಹಬ್ಬದ ಪೇಟೆಯ ಬಗ್ಗೆ ಬರೆಯಿರಿ ಎಂದರೆ ನಮಗೆಲ್ಲ ಕೆಲವು ವಾಕ್ಯಗಳು ಸಿದ್ಧವಾಗಿಯೇ ಇರುತ್ತವೆ. ಜನಸಾಗರವೇ ಹರಿದು ಬಂದಿತ್ತು. ಎಳ್ಳು ಹಾಕಿದರೆ ನೆಲಕ್ಕೆ ಬೀಳದಷ್ಟು ಜನ. ಎಲ್ಲೆಲ್ಲೂ ಬಣ್ಣ, ಎಲ್ಲೆಲ್ಲೂ ಸಡಗರ. ಈ ವಾಕ್ಯಗಳು ಸುಳ್ಳಲ್ಲ. ಆದರೆ ಅವುಗಳಲ್ಲಿ ಒಬ್ಬ ಮನುಷ್ಯನೂ ಇಲ್ಲ. ಇವನ್ನೇ ರಂಜಾನಿನ ಶಿವಾಜಿನಗರಕ್ಕೂ ಹಾಕಬಹುದು, ಬಸವನಗುಡಿಯ ಕಡಲೆಕಾಯಿ ಪರಿಷೆಗೂ ಹಾಕಬಹುದು, ಸೆಪ್ಟೆಂಬರಿನ ಸೇಂಟ್ ಮೇರಿ ಹಬ್ಬಕ್ಕೂ ಹಾಕಬಹುದು. ಎಲ್ಲಿಗೆ ಹಾಕಿದರೂ ಮುಖಗಳು ಒಂದರೊಳಗೊಂದು ಕರಗಿಹೋಗುತ್ತವೆ.

ಕಾಮರ್ಸ್ ಓದುವ ನಮಗೆ ಇದು ಬೇಗ ಅರ್ಥವಾಗಬೇಕು. ಬ್ಯಾಲೆನ್ಸ್ ಶೀಟಿನಲ್ಲಿ ಸಂಡ್ರಿ ಡೆಟರ್ಸ್ ಎಂದು ಒಂದೇ ಸಾಲು, ಒಂದೇ ಮೊತ್ತ. ಯಾರು ಏನು ಕೊಂಡರು, ಎಷ್ಟು ಬಾಕಿ ಎಂದು ತಿಳಿಯಬೇಕಾದರೆ ಲೆಡ್ಜರ್ ತೆರೆಯಬೇಕು. ಅಲ್ಲಿ ಒಬ್ಬೊಬ್ಬರಿಗೂ ಒಂದೊಂದು ಖಾತೆ ಇರುತ್ತದೆ. ‘ಜನಸಾಗರ’ ಎಂಬುದು ಮೊತ್ತ. ಪೇಟೆಯನ್ನು ಕಾಣಿಸಬೇಕಾದರೆ ಬೇಕಾಗುವುದು ಖಾತೆ.

ನಮ್ಮ ಪೇಟೆಯ ವಿಷಯದಲ್ಲಿ ಇದು ಬರೀ ಪ್ರಬಂಧದ ಅಂಕಗಳ ಮಾತಲ್ಲ. ಟ್ಯೂಷನ್‌ನಲ್ಲಿ ಗೆಳತಿಯೊಬ್ಬಳು ನನ್ನನ್ನು ಕೇಳಿದ್ದಳು: “ರಂಜಾನ್ ಮಾರ್ಕೆಟ್‌ನಲ್ಲಿ ಎಲ್ರೂ ಬುರ್ಖಾದಲ್ಲೇ ಇರ್ತಾರಲ್ಲ, ನಿಮ್ಮಮ್ಮನ್ನ ಹೇಗೆ ಕಂಡುಹಿಡೀತೀಯಾ?” ಅವಳ ಮಾತಿನಲ್ಲಿ ಕುಹಕವಿರಲಿಲ್ಲ, ನಿಜವಾಗಿಯೂ ಗೊತ್ತಿಲ್ಲದೆ ಕೇಳಿದಳು. ಪತ್ರಿಕೆಗಳಲ್ಲಿ ಬರುವ ಫೋಟೋಗಳನ್ನು ಹೆಚ್ಚಾಗಿ ಎತ್ತರದಿಂದ ತೆಗೆದಿರುತ್ತಾರೆ. ಅಲ್ಲಿಂದ ಬಿಳಿ ಟೋಪಿಗಳ ಸಾಲು, ಕಪ್ಪು ಬುರ್ಖಾಗಳ ಸಾಲು, ಅಷ್ಟೇ ಕಾಣುವುದು. ಅವಳು ನೋಡಿದ್ದು ಅದನ್ನೇ.

ಆದ್ದರಿಂದ ಮೊದಲು ಮಾಡಬೇಕಾದ ಕೆಲಸವೆಂದರೆ ಎತ್ತರದಿಂದ ಇಳಿದು ಒಂದು ಜಾಗದಲ್ಲಿ ನಿಲ್ಲುವುದು. ನಾನು ಆರಿಸಿಕೊಂಡದ್ದು ರಸೆಲ್ ಮಾರ್ಕೆಟ್ ಎದುರಿನ ಚೌಕ. 1933ರಲ್ಲಿ ತೆರೆದ ಆ ಹಳೆಯ ಕಟ್ಟಡಕ್ಕೆ ಬೆನ್ನು ಕೊಟ್ಟು, ಇಫ್ತಾರಿಗೆ ಇನ್ನು ಕಾಲು ಗಂಟೆ ಇರುವಾಗ, ಖರ್ಜೂರದ ಕೈಗಾಡಿಯ ಪಕ್ಕದಲ್ಲಿ ನಿಲ್ಲುತ್ತೇನೆ. ನಿಂತ ಮೇಲೆ ಜನ ತಾವಾಗಿಯೇ ಮೂರು ದೂರಗಳಲ್ಲಿ ಹಂಚಿಹೋಗುತ್ತಾರೆ. ಕೈಗೆ ಸಿಗುವಷ್ಟು ಹತ್ತಿರದವರ ಬೆರಳು, ಚಪ್ಪಲಿ, ಮಾತು ಸಿಗುತ್ತವೆ. ಹತ್ತು ಹೆಜ್ಜೆ ಆಚೆಯವರ ನಡಿಗೆ ಮತ್ತು ಹೊರೆ ಮಾತ್ರ ಸಿಗುತ್ತದೆ. ಅದರಾಚೆಯವರು ಬರೀ ಬಣ್ಣ, ಬರೀ ಸದ್ದು. ಅವರನ್ನು ಹಾಗೆಯೇ ಬಿಡಬೇಕು. ದೂರದವರಿಗೂ ಕಣ್ಣು ಮೂಗು ಬರೆಯಲು ಹೋದರೆ ಹತ್ತಿರದವರು ಮಸುಕಾಗುತ್ತಾರೆ.

ಹತ್ತಿರದವರಾದರೂ ಎಷ್ಟು ಜನ ಇರಬೇಕು? ಮೈಸೂರು ಅರಮನೆಯ ಕಲ್ಯಾಣ ಮಂಟಪದ ಗೋಡೆಗಳ ಮೇಲೆ ದಸರಾ ಮೆರವಣಿಗೆಯ ದೊಡ್ಡ ಚಿತ್ರಗಳಿವೆ. ಕಲಾವಿದರು ಅವನ್ನು ಫೋಟೋಗಳ ಆಧಾರದ ಮೇಲೆ ಬರೆದದ್ದರಿಂದ ಗುಂಪಿನೊಳಗೂ ಒಂದು ಮುಖದಂತೆ ಇನ್ನೊಂದು ಇಲ್ಲ. ಆದರೆ ಅದು ಚಿತ್ರಕ್ಕೆ ಸಾಧ್ಯ. ಗೋಡೆಯ ಮುಂದೆ ನಿಂತವರು ಎಷ್ಟು ಸಲ ಬೇಕಾದರೂ ಕಣ್ಣನ್ನು ಹಿಂದಕ್ಕೆ ತರಬಹುದು. ವಾಕ್ಯ ಹಾಗಲ್ಲ, ಒಂದರ ಹಿಂದೆ ಒಂದು ಬರುತ್ತದೆ. ಏಳನೆಯವರು ಬರುವಷ್ಟರಲ್ಲಿ ಓದುವವರಿಗೆ ಮೊದಲನೆಯವರು ಮರೆತಿರುತ್ತಾರೆ. ಒಂದು ಪುಟಕ್ಕೆ ನಾಲ್ಕು ಜನ ಸಾಕು ಎಂದು ನನ್ನ ಲೆಕ್ಕ.

ಆ ನಾಲ್ವರು ಒಬ್ಬರೊಳಗೊಬ್ಬರು ಕರಗದಂತೆ ಹಿಡಿದಿಡುವುದು ಮುಂದಿನ ಕಷ್ಟ. ಇಲ್ಲಿ ಕನ್ನಡ ಒಂದು ಕೈಯಿಂದ ಕಾಟ ಕೊಟ್ಟು ಇನ್ನೊಂದು ಕೈಯಿಂದ ಸಹಾಯ ಮಾಡುತ್ತದೆ. ನಮ್ಮ ಮನೆಮಾತು ಉರ್ದುವಿನಲ್ಲಿ ‘ವೋ’ ಎಂದರೆ ಗಂಡಸೂ ಆಗಬಹುದು, ಹೆಂಗಸೂ ಆಗಬಹುದು. ಕ್ರಿಯಾಪದ ಬರುವ ತನಕ ಕಾಯಬೇಕು. ಕನ್ನಡದಲ್ಲಿ ಅವನು, ಅವಳು ಬೇರೆ ಬೇರೆ. ಆದರೆ ಪೇಟೆಯಲ್ಲಿ ಇರುವವರೆಲ್ಲ ನನಗಿಂತ ದೊಡ್ಡವರು. ಗೌರವ ಕೊಟ್ಟ ಕೂಡಲೇ ಎಲ್ಲರೂ ‘ಅವರು’ ಆಗಿಬಿಡುತ್ತಾರೆ. ಒಬ್ಬ ಗಂಡಸಿಗೂ ಅವರು, ಒಬ್ಬ ಹೆಂಗಸಿಗೂ ಅವರು, ಹತ್ತು ಜನಕ್ಕೂ ಅವರೇ. ‘ಅವರು ಚೀಲ ತೆರೆದರು, ಅವರು ನೋಟು ಕೊಟ್ಟರು, ಅವರು ನಕ್ಕರು’ ಎಂದು ಬರೆದರೆ ಯಾರು ಯಾರೆಂದು ಹೇಳುವವರು ಯಾರು?

ಸಹಾಯವೂ ಅಲ್ಲೇ ಇದೆ. ಕನ್ನಡ ಯಾವ ವಸ್ತುವಿನಿಂದ ಬೇಕಾದರೂ ಒಂದು ಹೆಸರು ಮಾಡಿಕೊಡುತ್ತದೆ. ಸೊಪ್ಪಿನವರು, ಬಳೆಯವರು, ನೀಲಿ ಚಪ್ಪಲಿಯವರು. ನಮಗೆ ಅವರ ನಿಜವಾದ ಹೆಸರು ಗೊತ್ತಿಲ್ಲ, ಗೊತ್ತಿರಬೇಕಾಗಿಯೂ ಇಲ್ಲ. ಕೈಯಲ್ಲಿರುವ ಅಥವಾ ಮೈಮೇಲಿರುವ ಒಂದೇ ಒಂದು ವಸ್ತುವನ್ನು ಹಿಡಿದು ಹೆಸರಿಟ್ಟು, ಕೊನೆಯ ತನಕ ಅದೇ ಹೆಸರಿನಿಂದ ಕರೆಯಬೇಕು. ಎತ್ತರ, ಮೈಬಣ್ಣ, ವಯಸ್ಸು, ಅಂಗಿ ಎಂದು ನಾಲ್ಕೈದು ಗುರುತು ಕೊಟ್ಟರೆ ಇನ್ನೂ ಸ್ಪಷ್ಟವಾಗುತ್ತದೆ ಎಂದು ತೋರಬಹುದು. ಆಗುವುದು ಉಲ್ಟಾ. ನಾಲ್ಕು ಜನಕ್ಕೆ ಐದರಂತೆ ಇಪ್ಪತ್ತು ಗುರುತುಗಳಾದರೆ, ಮೀಸೆ ಯಾರದು, ಚೌಕುಳಿ ಲುಂಗಿ ಯಾರದು ಎಂದು ಓದುವವರು ಕಲೆಸಿಕೊಳ್ಳುತ್ತಾರೆ.

ಗೆಳತಿಯ ಪ್ರಶ್ನೆಗೂ ಉತ್ತರ ಇಲ್ಲೇ ಸಿಗುತ್ತದೆ. ಮುಖವೇ ಕಾಣದಿದ್ದರೂ ಅಮ್ಮಿ ಕಾಣುತ್ತಾರೆ. ಅವರ ಎಡ ಮಂಡಿ ನೋಯುತ್ತದೆ, ಅದಕ್ಕೆ ಫುಟ್‌ಪಾತಿನಿಂದ ಇಳಿಯುವಾಗ ಪಕ್ಕಕ್ಕೆ ತಿರುಗಿ ಇಳಿಯುತ್ತಾರೆ. ಟೊಮೆಟೊವನ್ನು ಹೆಬ್ಬೆರಳಿನಿಂದ ಮಾತ್ರ ಒತ್ತಿ ನೋಡುತ್ತಾರೆ. ಹಳೆಯ ಪರದೆಯನ್ನು ಹೊಲಿದು ಮಾಡಿದ ಚೀಲ ಅವರದು. ಬೆಲೆ ಹೆಚ್ಚಾಯಿತು ಅನ್ನಿಸಿದರೆ “ನಕ್ಕೋ” ಎಂದು ಹೊರಟು, ನಾಲ್ಕು ಹೆಜ್ಜೆ ಆದ ಮೇಲೆ ನಿಧಾನಿಸುತ್ತಾರೆ, ಅಂಗಡಿಯವರು ಕರೆಯಲಿ ಅಂತ. ಆರು ವರ್ಷದ ನನ್ನ ತಮ್ಮನಿಗೆ ಇಷ್ಟೂ ಬೇಡ, ಅವರ ಬೀಗದ ಕೈ ಗೊಂಚಲಿನ ಸದ್ದು ಸಾಕು. ಬಟ್ಟೆ ಒಂದೇ ಇರಬಹುದು, ನಡೆಯುವ ರೀತಿ, ಚೌಕಾಸಿ ಮಾಡುವ ರೀತಿ ಎಲ್ಲಿ ಒಂದೇ ಇದೆ? ಹೊರಗಿನವರಿಗೆ ಇದು ಕಾಣುವುದಿಲ್ಲ ಎಂದರೆ ಬರೆಯುವವರು ಕಾಣಿಸಿಲ್ಲ ಎಂದೂ ಅರ್ಥ.

ಕೊನೆಯದಾಗಿ ಆ ನಾಲ್ವರನ್ನು ಜೋಡಿಸಬೇಕು. ಬೇರೆ ಬೇರೆಯಾಗಿ ನಿಲ್ಲಿಸಿದರೆ ನಾಲ್ಕು ಪಾಸ್‌ಪೋರ್ಟ್ ಫೋಟೋಗಳಾಗುತ್ತವೆ, ಪೇಟೆಯಾಗುವುದಿಲ್ಲ. ಪೇಟೆಯಲ್ಲಿ ಜನರನ್ನು ಜೋಡಿಸುವುದು ಹಣ. ಒಂದು ನೋಟನ್ನು ಹಿಂಬಾಲಿಸಿ ನೋಡೋಣ.

ನೀಲಿ ಚಪ್ಪಲಿಯವರು ಎಂಬತ್ತು ರೂಪಾಯಿಯ ಖರ್ಜೂರ ಕಟ್ಟಿಸಿ ನೂರರ ನೋಟು ಚಾಚುತ್ತಾರೆ. ಖರ್ಜೂರದ ಭಾಯ್ ಡಬ್ಬಿ ಅಲ್ಲಾಡಿಸುತ್ತಾರೆ, ಚಿಲ್ಲರೆ ಇಲ್ಲ. ನೋಟು ಸಮೋಸದ ಹುಡುಗನ ಕೈಗೆ ಹೋಗುತ್ತದೆ. ತಲೆಯ ಮೇಲಿನ ತಟ್ಟೆಯನ್ನು ಒಂದು ಕೈಯಲ್ಲಿ ಹಿಡಿದುಕೊಂಡೇ ಅವನು ಕೈಗಾಡಿಯ ಹಿಡಿಕೆಯ ಕೆಳಗೆ ಬಗ್ಗಿ, ಹಾರನ್ ಹೊಡೆಯುತ್ತ ನಿಂತ ಆಟೋವನ್ನು ಸುತ್ತಿಕೊಂಡು, ಗೋಣಿಚೀಲದ ಮೇಲೆ ಕುಳಿತ ಪುದೀನದ ಅಜ್ಜಿಯ ಬಳಿ ಹೋಗುತ್ತಾನೆ. ಅಜ್ಜಿ ನೋಟನ್ನು ಬೆಳಕಿಗೆ ಹಿಡಿದು ನೋಡುತ್ತಾರೆ. “ಚಿಲ್ರೆ ಸುಮ್ನೆ ಬರತ್ತಾ ತಂಬಿ? ಒಂದ್ ಕಟ್ಟು ತಗೊಂಡೋಗು” ಎಂದು ಒಂಬತ್ತು ಹತ್ತರ ನೋಟು ಮತ್ತು ಒಂದು ಕಟ್ಟು ಪುದೀನ ಕೊಡುತ್ತಾರೆ. ಹುಡುಗ ಬಂದ ದಾರಿಯಲ್ಲೇ ಹಿಂದಿರುಗುತ್ತಾನೆ. ಭಾಯ್ ಎಂಬತ್ತನ್ನು ಡಬ್ಬಿಗೆ ಹಾಕಿ, ಉಳಿದ ಹತ್ತು ರೂಪಾಯಿಯನ್ನೂ ಪುದೀನವನ್ನೂ ಮುಂದೆ ಚಾಚುತ್ತಾರೆ. ನೀಲಿ ಚಪ್ಪಲಿಯವರು ಪುದೀನವನ್ನು ನೋಡುತ್ತಾರೆ, ಭಾಯ್‌ಯನ್ನು ನೋಡುತ್ತಾರೆ. ಪರದೆಯ ಹಿಂದೆ ನಗು ಬಂದದ್ದು ಭುಜ ಕುಲುಕಿದ್ದರಿಂದ ತಿಳಿಯುತ್ತದೆ. ಅಷ್ಟರಲ್ಲಿ ಅಜಾನ್. ಭಾಯ್ ಕೈಗೆ ಸಿಕ್ಕಷ್ಟು ಖರ್ಜೂರ ಎತ್ತಿ ಸುತ್ತ ಇದ್ದ ಕೈಗಳಿಗೆಲ್ಲ ಹಂಚುತ್ತಾರೆ. ಹುಡುಗ ಮೊದಲು ತಟ್ಟೆ ಇಳಿಸುತ್ತಾನೆ, ಆಮೇಲೆ ತಿನ್ನುತ್ತಾನೆ. ಅಜ್ಜಿಗೆ ಉಪವಾಸವಿಲ್ಲ, ತಮ್ಮ ನೀರಿನ ಬಾಟಲಿಯ ಮುಚ್ಚಳ ತೆಗೆದು ಅವನತ್ತ ಎತ್ತಿ ಹಿಡಿಯುತ್ತಾರೆ. ಅವರ ಹಿಂದೆ ಇಡೀ ಚೌಕ ಒಂದು ನಿಮಿಷ ಸುಮ್ಮನಾಗುತ್ತದೆ.

ಲೆಕ್ಕ ಸರಿಯಾಗಿದೆ: ಎಂಬತ್ತು ಖರ್ಜೂರಕ್ಕೆ, ಹತ್ತು ಪುದೀನಕ್ಕೆ, ಹತ್ತು ವಾಪಸ್. ಜನರೂ ಸರಿಯಾಗಿದ್ದಾರೆಯೇ ಎಂದು ನೋಡಲು ಅದಲುಬದಲು ಮಾಡಬೇಕು. ಪುದೀನದ ಅಜ್ಜಿ ಮಾಡಿದ್ದನ್ನು ನೀಲಿ ಚಪ್ಪಲಿಯವರ ಹೆಸರಿಗೆ ಹಾಕಿ ಓದಿ. ಎಡವಿದಂತಾದರೆ ಇಬ್ಬರೂ ಬೇರೆ ಬೇರೆ ಎಂದರ್ಥ. ಏನೂ ವ್ಯತ್ಯಾಸವಾಗದಿದ್ದರೆ ಅವರು ಆಗಲೇ ಕರಗಿಹೋಗಿದ್ದಾರೆ. ಅಜಾನ್ ಹೊತ್ತಿನಲ್ಲಿ ಈ ಪರೀಕ್ಷೆ ಇನ್ನೂ ಕಷ್ಟ, ಏಕೆಂದರೆ ಆಗ ಎಲ್ಲರೂ ಮಾಡುವ ಕೆಲಸ ಒಂದೇ. ಕೆಲಸ ಒಂದೇ ಆದಾಗ ಮಾಡುವ ಕ್ರಮ ನೋಡಬೇಕು: ಒಬ್ಬರು ಮೊದಲು ಹಂಚಿದರು, ಒಬ್ಬನು ಮೊದಲು ತಟ್ಟೆ ಇಳಿಸಿದನು. ‘ಇಡೀ ಚೌಕ’ ಎಂಬ ಮೊತ್ತ ಕೊನೆಯಲ್ಲಿ ಒಂದೇ ಸಲ ಬಂದಿದೆ, ಖಾತೆಗಳನ್ನೆಲ್ಲ ಬರೆದಾದ ಮೇಲೆ.

ಈ ಭಾಗವನ್ನು ಟ್ಯೂಷನ್‌ನ ಆ ಗೆಳತಿಗೆ ಓದಿ ಹೇಳಿದೆ. ಎಷ್ಟು ಜನ ಕಂಡರು ಎಂದು ಕೇಳಬೇಕೆಂದಿದ್ದೆ. ಅದಕ್ಕೂ ಮೊದಲೇ ಅವಳು ಕೇಳಿದಳು: “ಆ ನೀಲಿ ಚಪ್ಪಲಿಯವರು ಪುದೀನ ತಗೊಂಡ್ರಾ, ಇಲ್ವಾ?”