ಬ್ಯಾನರಿನ ಅಳತೆಗೆ ಬರೆದ ರಿಯಾಯಿತಿ

ಚಿಕ್ಕಪೇಟೆಯ ಆ ಹಳೆಯ ಜವಳಿ ಅಂಗಡಿಯನ್ನು ಕೆಡವಲು ಶುರುಮಾಡಿದಾಗ ಅಟ್ಟದ ಮೇಲಿಂದ ಬಟ್ಟೆಯ ಬ್ಯಾನರುಗಳ ದೊಡ್ಡದೊಂದು ಸುರುಳಿ ಉರುಳಿ ಬಿತ್ತು. ಒಂದರಲ್ಲಿ ‘ಗೌರಿ ಹಬ್ಬಕ್ಕೆ ಪ್ರತಿ ಸೀರೆಗೂ ರವಿಕೆ ಕಣ ಉಚಿತ’ ಎಂದಿತ್ತು. ಇನ್ನೊಂದರಲ್ಲಿ ‘ರೇಷ್ಮೆ ಸೀರೆಗೆ ರೂ. 1,200 ಸೋಡಿ’. ಮೂರನೆಯದನ್ನು ಇಲಿ ಕಡಿದಿತ್ತು, ‘ಆಷಾಢ ಶೇ. 20’ ಅಷ್ಟೇ ಉಳಿದಿತ್ತು. ಎಂಬತ್ತರ ದಶಕದಿಂದ ಅದೇ ಅಂಗಡಿಯಲ್ಲಿ ಸೀರೆ ಬಿಚ್ಚಿ ಬಿಚ್ಚಿ ತೋರಿಸಿದ್ದ ರಾಯರು ಅದನ್ನು ನೋಡಲೆಂದೇ ಬಂದಿದ್ದರು. ಜೊತೆಗೆ ಮೊಮ್ಮಗಳು. ಅವಳಿಗೆ ಆನ್‌ಲೈನ್ ಕಂಪನಿಯೊಂದರಲ್ಲಿ ಹಬ್ಬದ ಆಫರುಗಳ ಒಕ್ಕಣೆ ಬರೆಯುವ ಕೆಲಸ.

“ತಾತ, ಒಂದೇ ಅಂಗಡೀಲಿ ಮೂರು ಥರ ಯಾಕೆ? ಇದರಲ್ಲಿ ಯಾವುದು ಓಡ್ತಿತ್ತು?”

“ಮೂರೂ ಓಡ್ತಿತ್ತು. ಆದರೆ ಯಾವುದಕ್ಕೆ ಯಾವುದು ಅಂತ ಪೇಂಟರಿಗೆ ಗೊತ್ತಿತ್ತು” ಎಂದರು ರಾಯರು.

ಹಬ್ಬಕ್ಕೆ ಹದಿನೈದು ದಿನ ಇರುವಾಗ ಆ ಪೇಂಟರ್ ಮೇಸ್ತ್ರಿ ಬರುತ್ತಿದ್ದರು. ಅಂಗಡಿಯ ಹಿಂದಿನ ಹಜಾರದಲ್ಲಿ ಲಾಂಗ್‌ಕ್ಲಾತ್ ಹಾಸಿ, ದಾರಕ್ಕೆ ನೀಲಿ ಹಚ್ಚಿ ಗೆರೆ ಹೊಡೆಯುತ್ತಿದ್ದರು. ಹೊಸ ಬಟ್ಟೆಯ ಗಂಜಿ ವಾಸನೆಗೆ ಅವರ ಡಬ್ಬಿಯ ಬಣ್ಣ, ಸೀಮೆಎಣ್ಣೆಯ ಘಾಟು ಸೇರಿದರೆ ರಾಯರ ಮಟ್ಟಿಗೆ ಹಬ್ಬ ಬಂದಂತೆ. ಮೇಸ್ತ್ರಿ ಕುಂಚ ಅದ್ದುವ ಮೊದಲು ಸಾಹುಕಾರರನ್ನು ಒಂದೇ ಪ್ರಶ್ನೆ ಕೇಳುತ್ತಿದ್ದರು: “ಈ ಸಲ ಮಾಲು ಎಷ್ಟರದು, ಬಿಡೋದು ಎಷ್ಟು?”

ಹನ್ನೆರಡು ಸಾವಿರದ ರೇಷ್ಮೆ ಸೀರೆಗೆ ನೂರಕ್ಕೆ ಹತ್ತು ಬಿಡುವುದಾದರೆ ಅವರು ಶೇಕಡಾ ಬರೆಯುತ್ತಲೇ ಇರಲಿಲ್ಲ. ಹತ್ತು ಎಂದರೆ ಎರಡೇ ಅಂಕಿ. ಸಾವಿರದ ಇನ್ನೂರು ಎಂದರೆ ನಾಲ್ಕು. ರಸ್ತೆಯ ಆಚೆ ಬದಿಯಿಂದ ನೋಡುವವರ ಕಣ್ಣಿಗೆ ನಾಲ್ಕಂಕಿಯೇ ದೊಡ್ಡದು. ಅದೇ ನೂರೆಂಬತ್ತು ರೂಪಾಯಿಯ ಟವೆಲಿಗೆ ನೂರಕ್ಕೆ ಇಪ್ಪತ್ತು ಬಿಟ್ಟರೆ ಮೂವತ್ತಾರು ರೂಪಾಯಿ. ‘ರೂ. 36 ಕಡಿತ’ ಎಂದು ಬರೆದರೆ ಯಾರು ಮೆಟ್ಟಿಲು ಹತ್ತುತ್ತಾರೆ? ಅಲ್ಲಿ ‘ಶೇ. 20’ ಅಂಗೈ ಅಗಲಕ್ಕೆ ಕೂರುತ್ತಿತ್ತು.

ಇದನ್ನು ವಿದ್ವಾಂಸರೂ ಅಳೆದು ನೋಡಿದ್ದಾರೆ. ಮನಶ್ಶಾಸ್ತ್ರಜ್ಞರಾದ ಅಮೋಸ್ ಟ್ವೆರ್ಸ್ಕಿ ಮತ್ತು ಡೇನಿಯಲ್ ಕಾನಮನ್ 1981ರಲ್ಲಿ ಪ್ರಕಟಿಸಿದ ಪ್ರಶ್ನೆಯೊಂದು ಪ್ರಸಿದ್ಧ. ಐದು ಡಾಲರ್ ಉಳಿಸಲು ಇಪ್ಪತ್ತು ನಿಮಿಷ ದೂರದ ಇನ್ನೊಂದು ಅಂಗಡಿಗೆ ಹೋಗುತ್ತೀರಾ? ಹದಿನೈದು ಡಾಲರಿನ ಕ್ಯಾಲ್ಕುಲೇಟರ್ ಆದರೆ ಹೋಗುತ್ತೇವೆ ಎಂದವರು ನೂರಕ್ಕೆ 68 ಮಂದಿ. ಅದೇ ಕ್ಯಾಲ್ಕುಲೇಟರಿನ ಬೆಲೆ 125 ಡಾಲರ್ ಎಂದಾಗ ಹೊರಟವರು 29 ಮಂದಿ ಮಾತ್ರ. ಉಳಿಯುವ ಐದು ಡಾಲರ್ ಎರಡೂ ಕಡೆ ಒಂದೇ. ಆದರೆ ಜನ ಅದನ್ನು ಬೆಲೆಯ ಪಕ್ಕ ನಿಲ್ಲಿಸಿ ನೋಡುತ್ತಾರೆ. ಅಗ್ಗದ ಮಾಲಿಗೆ ಶೇಕಡಾ, ದುಬಾರಿ ಮಾಲಿಗೆ ರೂಪಾಯಿ ಎಂಬ ಮೇಸ್ತ್ರಿಯ ಲೆಕ್ಕದ ಒಳಗುಟ್ಟು ಇದೇ.

ಉಡುಗೊರೆಯ ಕಥೆ ಬೇರೆ. ಸಾಹುಕಾರರ ಬಳಿ ಬಿಡಲು ಹೆಚ್ಚೇನೂ ಇಲ್ಲದ ವರ್ಷ ಅದು ಹೊರಬರುತ್ತಿತ್ತು. ಸಾವಿರದ ಐನೂರರ ಸೀರೆಗೆ ಅರವತ್ತು ರೂಪಾಯಿ ಬಿಡುವುದೆಂದರೆ ನೂರಕ್ಕೆ ನಾಲ್ಕು. ಬರೆದರೆ ಮರ್ಯಾದೆ ಹೋಗುತ್ತದೆ. ಅದೇ ಅರವತ್ತಕ್ಕೆ ಸಗಟಿನಲ್ಲಿ ಒಂದು ಸ್ಟೀಲ್ ಡಬ್ಬಿ ಸಿಕ್ಕರೆ, ಮನೆಗೆ ಒಯ್ಯುವ ಹೆಂಗಸು ಅದಕ್ಕೆ ನೂರಿಪ್ಪತ್ತು ಕಟ್ಟುತ್ತಾಳೆ. ಡಬ್ಬಿಯನ್ನು ಯಾರೂ ಸೀರೆಯ ಬೆಲೆಯಿಂದ ಭಾಗಿಸಿ ನೋಡುವುದಿಲ್ಲ.

ಆದರೆ ಡಬ್ಬಿ ತೆಳುವಾಗಿದ್ದರೆ ಕೆಲಸ ಕೆಟ್ಟಿತು. ಒಂದು ದೀಪಾವಳಿಗೆ ಮುಚ್ಚಳ ಕೂರದ ಡಬ್ಬಿಗಳ ರಾಶಿಯೇ ಬಂದಿತ್ತು. ನೆಲಮಂಗಲದ ಕಡೆಯಿಂದ ಮದುವೆ ಜವಳಿಗೆ ಬಂದ ಅಜ್ಜಿಯೊಬ್ಬರು ಡಬ್ಬಿಯನ್ನು ಗಲ್ಲಾಪೆಟ್ಟಿಗೆಯ ಮೇಲೆ ಕುಕ್ಕಿ, “ಇದು ಬ್ಯಾಡ ಕಣಪ್ಪ, ಇದರ ದುಡ್ಡು ಮುರ್ಕೊಂಡು ಕೊಡು” ಎಂದರು. ಸಾಹುಕಾರರು ಅರವತ್ತು ಎಂದರು. “ಬಿಟ್ಟಿ ಕೊಡುವಾಗ ನೂರಿಪ್ಪತ್ತರ ಡಬ್ಬಿ, ದುಡ್ಡು ಕೊಡುವಾಗ ಅರವತ್ತರದಾ?” ಎಂದು ಅಜ್ಜಿ ಹಟ ಹಿಡಿದು ಕೂತರು. ಕಾಫಿ ತರಿಸಬೇಕಾಯಿತು. ಕೊನೆಗೆ ತೊಂಬತ್ತಕ್ಕೆ ಇಳಿದು, ಮೇಲೊಂದು ರವಿಕೆ ಕಣವನ್ನೂ ಕಂಕುಳಲ್ಲಿ ಇಟ್ಟುಕೊಂಡೇ ಹೋದರು. ಉಡುಗೊರೆಗೆ ಅಂಗಡಿಯವನ ಬೆಲೆ ಒಂದು, ಗಿರಾಕಿಯ ಬೆಲೆ ಒಂದು. ಎರಡೂ ಎದುರಾಬದುರು ನಿಲ್ಲದಷ್ಟು ದಿನ ಮಾತ್ರ ಆ ಆಟ ನಡೆಯುತ್ತದೆ ಎಂದು ರಾಯರು ಕಲಿತದ್ದು ಅವತ್ತು.

ಹಾಗೆಂದು ಆ ಕಾಲವೇನೂ ಸತ್ಯಹರಿಶ್ಚಂದ್ರನದಲ್ಲ. ಡಬ್ಬಿಯ ದುಡ್ಡು ಸೀರೆಯ ಬೆಲೆಯೊಳಗೇ ಕೂತಿರುತ್ತಿತ್ತು. ಬೆಲೆಯಲ್ಲಿ ಸೇರಿಸಿ ‘ಉಚಿತ’ ಎನ್ನುವುದನ್ನು 1984ರಲ್ಲೇ ಎಂಆರ್‌ಟಿಪಿ ಕಾಯಿದೆಯ ತಿದ್ದುಪಡಿ ಅನುಚಿತ ವ್ಯಾಪಾರ ಎಂದು ಕರೆದಿತ್ತು. ಪೇಟೆಯಲ್ಲಿ ಅದನ್ನು ಓದಿದವರು ಕಡಿಮೆ. ಮೇಸ್ತ್ರಿಯೂ ‘ಶೇ. 50’ರ ಕೆಳಗೆ ‘ವರೆಗೆ’ ಎಂಬುದನ್ನು ಇರುವೆ ಗಾತ್ರಕ್ಕೆ ಬರೆದದ್ದುಂಟು. ಅದಕ್ಕೂ ಮಿಗಿಲಾಗಿ, ಚೌಕಾಸಿ ನಡೆಯುವ ಅಂಗಡಿಯಲ್ಲಿ ಶೇಕಡಾವಾರು ರಿಯಾಯಿತಿಗೆ ಅರ್ಥವೇ ಇರಲಿಲ್ಲ. ಮೂಲ ಬೆಲೆ ಬಾಯಲ್ಲಿ ಹುಟ್ಟುವಾಗ ನೂರಕ್ಕೆ ಇಪ್ಪತ್ತು ಯಾವುದರ ಇಪ್ಪತ್ತು? ಶೇಕಡಾವನ್ನು ಜನರಿಗೆ ನಂಬಿಸಿದ್ದು ಖಾದಿ ಭಂಡಾರ ಮತ್ತು ಕೈಮಗ್ಗದ ಸಹಕಾರಿ ಮಳಿಗೆಗಳು. ಅಲ್ಲಿ ಬೆಲೆಯ ಚೀಟಿ ಇರುತ್ತಿತ್ತು, ಚೌಕಾಸಿ ಇರಲಿಲ್ಲ. ಗಾಂಧಿ ಜಯಂತಿಯ ರಿಬೇಟ್ ಬಂದರೆ ಸೆಪ್ಟೆಂಬರಿನಲ್ಲಿ ನೋಡಿದ್ದ ಅದೇ ಚೀಟಿಯ ಮೇಲೆ ಕಳೆಯುತ್ತಿದ್ದರು. ಚಿಕ್ಕಪೇಟೆ ಆ ‘ಶೇ.’ಯನ್ನು ಎರವಲು ತಂದಿತು, ಚೀಟಿಯನ್ನು ತರಲಿಲ್ಲ.

ಆಮೇಲೆ ಫ್ಲೆಕ್ಸ್ ಬಂತು, ಮೇಸ್ತ್ರಿ ಮನೆಯಲ್ಲಿ ಕೂತರು. 2018ರಲ್ಲಿ ಹೈಕೋರ್ಟಿನ ಚಾಟಿಯಿಂದ ಬೆಂಗಳೂರಿನ ಫ್ಲೆಕ್ಸುಗಳು ಇಳಿದಾಗಲೂ ಅವರನ್ನು ಯಾರೂ ಕರೆಯಲಿಲ್ಲ. ಜಾಹೀರಾತು ಅಷ್ಟು ಹೊತ್ತಿಗೆ ಮೊಬೈಲು ಸೇರಿತ್ತು. ಈಗ ‘50+20’ ಎಂದು ಬರೆಯುತ್ತಾರೆ. ಎರಡು ಸಾವಿರದ್ದು ಒಂದು ಸಾವಿರವಾಗಿ, ಅದರ ಮೇಲೆ ಇಪ್ಪತ್ತು ಕಳೆದು ಎಂಟುನೂರು ಆಗುತ್ತದೆ. ಅಂದರೆ ಅರವತ್ತು, ಎಪ್ಪತ್ತಲ್ಲ. ‘ಎರಡು ಸಾವಿರಕ್ಕೆ ಐನೂರು ಕಡಿತ’ ಎಂಬುದು ಇನ್ನೂ ಜಾಣ. ಸಾವಿರದ ಆರುನೂರರ ಸೀರೆ ಹಿಡಿದವಳು ಗಡಿ ದಾಟಲು ಎಂಟುನೂರೈವತ್ತರ ಇನ್ನೊಂದನ್ನು ಎತ್ತಿಕೊಂಡರೆ ಬಿಲ್ಲು ಸಾವಿರದ ಒಂಬೈನೂರೈವತ್ತು. ಉಳಿಸಲು ಹೋಗಿ ಮುನ್ನೂರೈವತ್ತು ಹೆಚ್ಚು ಕೊಟ್ಟಳು, ಬೇಕಿಲ್ಲದ ಒಂದು ಸೀರೆಯೂ ಬಂತು.

ಉಡುಗೊರೆಯನ್ನು ಮೂಲೆಗೆ ತಳ್ಳಿದ್ದರಲ್ಲಿ ಜಿಎಸ್‌ಟಿಯ ಕೈಯೂ ಇದೆ. ಬಿಲ್ಲಿನಲ್ಲೇ ಕಾಣಿಸಿದ ರಿಯಾಯಿತಿಗೆ ತೆರಿಗೆ ಇಲ್ಲ. ಆದರೆ ಉಡುಗೊರೆಯಾಗಿ ಕೊಟ್ಟ ವಸ್ತುವಿಗೆ ಅಂಗಡಿಯವನು ಕಟ್ಟಿದ ತೆರಿಗೆ ಅವನಿಗೆ ಹಿಂದಿರುಗುವುದಿಲ್ಲ. ‘ಒಂದು ಕೊಂಡರೆ ಒಂದು ಉಚಿತ’ ಪಾರಾಯಿತು. ಅದು ಒಂದೇ ಬೆಲೆಗೆ ಎರಡು ವಸ್ತುವಿನ ಮಾರಾಟ ಎಂದು 2019ರ ಸುತ್ತೋಲೆ ಒಪ್ಪಿತು. ಸೀರೆಗೆ ತೆರಿಗೆ ಬೆಲೆ ನೋಡುವುದಿಲ್ಲ, ಸಿದ್ಧ ಉಡುಪಿಗೆ ನೋಡುತ್ತದೆ. 2025ರ ಸೆಪ್ಟೆಂಬರ್ 22ರಿಂದ ಎರಡೂವರೆ ಸಾವಿರದವರೆಗೆ ನೂರಕ್ಕೆ ಐದು, ಮೇಲಕ್ಕೆ ಹದಿನೆಂಟು. ತೆರಿಗೆಯನ್ನು ಬೇರೆಯಾಗಿ ಹಾಕುವ ಅಂಗಡಿಯಲ್ಲಿ 2,600ರ ಚೂಡಿದಾರ್ 3,068 ಆಗುತ್ತದೆ. ನೂರು ರೂಪಾಯಿ ಬಿಟ್ಟರೆ 2,625. ನೂರು ಬಿಟ್ಟವನ ಗಿರಾಕಿಗೆ 443 ಉಳಿಯಿತು. ಅದೇ ನೂರಕ್ಕೆ ಕೈಚೀಲ ಕೊಟ್ಟಿದ್ದರೆ ತೆರಿಗೆ ಒಂದು ಪೈಸೆಯೂ ಇಳಿಯುತ್ತಿರಲಿಲ್ಲ.

ಮೊಮ್ಮಗಳು ಎಲ್ಲ ಕೇಳಿಸಿಕೊಂಡು ನಕ್ಕಳು. ಅವರ ಕಂಪನಿಯಲ್ಲಿ ಇಷ್ಟು ತಲೆ ಕೆಡಿಸಿಕೊಳ್ಳುವುದಿಲ್ಲವಂತೆ. ಅರ್ಧ ಜನರಿಗೆ ಶೇಕಡಾ, ಅರ್ಧ ಜನರಿಗೆ ರೂಪಾಯಿ ತೋರಿಸಿ, ಯಾವುದಕ್ಕೆ ಹೆಚ್ಚು ಮಾರಾಟವೋ ಸಂಜೆಯಿಂದ ಅದನ್ನೇ ಎಲ್ಲರಿಗೂ ಹಾಕುತ್ತಾರಂತೆ.

“ಅದು ಸರಿ, ಗೀಟು ಹಾಕಿ ಹೊಡೆದಿರ್ತೀರಲ್ಲ ಹಳೇ ಬೆಲೆ, ಅದನ್ನ ಯಾರು ಬರೀತಾರೆ?” ಎಂದರು ರಾಯರು.

“ಅದು ನಮಗೆ ಬರೋಲ್ಲ ತಾತ, ಬೇರೆ ಡಿಪಾರ್ಟ್‌ಮೆಂಟು.”