ಬೇರೆಯವರ ಜಗುಲಿ ಮೇಲೆ ನಮ್ಮ ಅಂಗಡಿ

2023ರ ಅಕ್ಟೋಬರ್ ಕೊನೆ. ಬೆಳಿಗ್ಗೆ ದೋಸೆ ಹುಯ್ಯುತ್ತಿದ್ದೆ, ಗೆಳೆಯನ ಫೋನ್ ಬಂತು. “ಲೋ, ಅವರೇ ಪಿಡಿಎಫ್ ಬಿಟ್ರು ಕಣೋ.” ಅಷ್ಟೇ ಹೇಳಿದ್ದು. ಹಂಚಿನ ಮೇಲಿನ ದೋಸೆ ಸೀದುಹೋಯಿತು.

ನಾವಿಬ್ಬರೂ ಕೆಲಸ ಬಿಟ್ಟು ಆಗ ನಾಲ್ಕು ತಿಂಗಳು. ನಮ್ಮದು ಸಣ್ಣ ಸ್ಟಾರ್ಟಪ್. ಪಿಡಿಎಫ್ ಹಾಕಿ, ಅದರ ಬಗ್ಗೆ ಪ್ರಶ್ನೆ ಕೇಳಿ, ಉತ್ತರ ಪಡೆಯಿರಿ ಅನ್ನೋ ಆ್ಯಪ್. ಉತ್ತರ ಕೊಡುತ್ತಿದ್ದದ್ದು ಮಾತ್ರ ಒಂದು ದೊಡ್ಡ ಕಂಪನಿಯ ಎಐ ಮಾಡೆಲ್. ನಾವು ಬಳಸುತ್ತಿದ್ದ ಮಾಡೆಲ್‌ಗೆ ಒಂದು ಸಲಕ್ಕೆ 4,096 ಟೋಕನ್ ಮಾತ್ರ ಹಿಡಿಯುತ್ತಿತ್ತು. ಟೋಕನ್ ಅಂದರೆ ಪದದ ತುಣುಕು. ಇಂಗ್ಲಿಷ್‌ನಲ್ಲಿ ಪ್ರಶ್ನೆ, ಉತ್ತರ ಎಲ್ಲ ಸೇರಿ ಸುಮಾರು ಮೂರು ಸಾವಿರ ಪದ. ಕನ್ನಡದ ಪದಗಳು ಇನ್ನೂ ಸಣ್ಣ ಚೂರಾಗುತ್ತಿದ್ದರಿಂದ ಅದಕ್ಕಿಂತ ಎಷ್ಟೋ ಕಡಿಮೆ. ಇಪ್ಪತ್ತು ಪುಟದ ಕ್ರಯಪತ್ರ ಅದರಲ್ಲಿ ಹಿಡಿಸುವುದು ಹೇಗೆ?

ಅದಕ್ಕೇ ನಾವು ಪತ್ರವನ್ನು ತುಂಡುತುಂಡು ಮಾಡಿ, ಪ್ರಶ್ನೆಗೆ ಹತ್ತಿರವಾದ ನಾಲ್ಕು ತುಂಡನ್ನಷ್ಟೇ ಹುಡುಕಿ ಮಾಡೆಲ್‌ಗೆ ಕಳಿಸುತ್ತಿದ್ದೆವು. ನಿಜ ಹೇಳಬೇಕಂದ್ರೆ, ಒಂದು ಚೆಂದದ ಪರದೆ ಬಿಟ್ಟರೆ ನಮ್ಮ ಇಡೀ ಸರಕು ಅಷ್ಟೇ. ತಿಂಗಳಿಗೆ 499 ರೂಪಾಯಿ, 212 ಗ್ರಾಹಕರು. ಮನೆಯಲ್ಲಿ ಅಮ್ಮನಿಗೆ “ಬಿಸಿನೆಸ್ ಕುದುರಿದೆ” ಅಂದಿದ್ದೆ.

ಈಗ ಆ ಕಂಪನಿಯೇ ಪಿಡಿಎಫ್ ಹಾಕುವ ಸೌಲಭ್ಯ ಕೊಟ್ಟಿತ್ತು. ಮರುದಿನವೇ ಎಲ್ಲರೂ ಓಡಿಹೋಗಲಿಲ್ಲ. ಮೊದಲು ಹೊಸಬರು ಬರುವುದು ನಿಂತಿತು. ಆಮೇಲೆ ಹಳಬರು ನವೀಕರಿಸಲಿಲ್ಲ. ಒಬ್ಬ ಆಡಿಟರ್‌ಗೆ ಫೋನ್ ಮಾಡಿ ಕಾರಣ ಕೇಳಿದೆ. “ಅದಕ್ಕೆ ಹೇಗಿದ್ರೂ ತಿಂಗಳಿಗೆ ಇಪ್ಪತ್ತು ಡಾಲರ್ ಕಟ್ತಿದೀನಲ್ಲ, ಇನ್ನೊಂದ್ಯಾಕೆ ಸರ್?” ಅಂದರು. ನಾವು ಅಗ್ಗವಾಗಿದ್ದೂ ಪ್ರಯೋಜನವಾಗಲಿಲ್ಲ. ನವೆಂಬರ್‌ನಲ್ಲಿ 1,28,000 ಟೋಕನ್ ಹಿಡಿಯುವ ಮಾಡೆಲ್ ಬಂತು. ಇಡೀ ಕ್ರಯಪತ್ರ ಒಂದೇ ಸಲಕ್ಕೆ ಒಳಗೆ ಹೋಗುವಾಗ ತುಂಡು ಮಾಡುವ ನಮ್ಮ ಕಸುಬು ಯಾರಿಗೆ ಬೇಕು? ಜನವರಿಗೆ ಉಳಿದದ್ದು 61 ಜನ.

ಅವರ ಮಾಡೆಲ್‌ನ ಕೊರತೆಯೇ ನಮ್ಮ ಬಂಡವಾಳವಾಗಿತ್ತು. ಆ ಕೊರತೆ ತುಂಬಲು ಅವರು ಹಗಲೂರಾತ್ರಿ ದುಡಿಯುತ್ತಿದ್ದರು ಅನ್ನೋದು ಮಾತ್ರ ನಮ್ಮ ಲೆಕ್ಕದಲ್ಲಿ ಇರಲೇ ಇಲ್ಲ.

ಅಂಗಡಿ ಮುಚ್ಚುವ ಮುಂಚೆ, ಉಳಿದವರು ಯಾಕೆ ಉಳಿದರು ಅಂತ ನೋಡಿದೆವು. ಹತ್ತೊಂಬತ್ತು ಜನ ಜಮೀನು ವ್ಯವಹಾರದ ವಕೀಲರು. ತುಮಕೂರಿನ ಒಬ್ಬ ಹಿರಿಯ ವಕೀಲೆಯನ್ನು ಭೇಟಿ ಮಾಡಿದೆ. “ನಿನ್ನ ಪ್ರಶ್ನೆ-ಉತ್ತರ ನಾನು ಮುಟ್ಟೇ ಇಲ್ಲಪ್ಪ, ಆ ಟೇಬಲ್ ಇದೆಯಲ್ಲ, ಅದು ಸಾಕು” ಅಂದರು.

ಆ ಟೇಬಲ್ ಅವರು ಕೇಳಿದರೆಂದು ಆಗಸ್ಟ್‌ನಲ್ಲಿ ಎರಡು ದಿನದಲ್ಲಿ ಮಾಡಿದ್ದು. ಕ್ರಯಪತ್ರ, ಇಸಿ, ಪಹಣಿ ಮೂರರಲ್ಲಿರುವ ಸರ್ವೆ ನಂಬರ್‌ಗಳನ್ನು ಅಕ್ಕಪಕ್ಕ ಇಡುತ್ತಿತ್ತು. ಅವರು ಒಂದು ಫೈಲ್ ತೆರೆದು ತೋರಿಸಿದರು. 1998ರ ಪತ್ರದಲ್ಲಿ 45/2, 2011ರ ಪತ್ರದಲ್ಲಿ 45/2ಬಿ. ನಡುವೆ ಪೋಡಿಯಾಗಿ ಜಮೀನು ಭಾಗವಾಗಿರಬಹುದು, ಆದರೆ ಪೋಡಿಯ ದಾಖಲೆ ಫೈಲ್‌ನಲ್ಲಿಲ್ಲ. ಬರೀ ಮಾಡೆಲ್‌ಗೆ ಅದೇ ಫೈಲ್ ಕೊಟ್ಟಾಗ, ಎರಡೂ ಒಂದೇ ಜಮೀನು ಅಂತ ಸಲೀಸಾಗಿ ಬರೆದುಬಿಟ್ಟಿತ್ತು. ನಮ್ಮ ಟೇಬಲ್ ಅಲ್ಲಿ ಕೆಂಪು ಗುರುತು ಹಾಕಿ ನಿಂತಿತ್ತು. ಅದು ನಮ್ಮ ಜಾಣತನವಲ್ಲ. ಐದು ತಿಂಗಳು ಅವರು ತಿದ್ದಿದ ತಪ್ಪುಗಳನ್ನೆಲ್ಲ ನಾವು ನಿಯಮವಾಗಿ ಬರೆದಿಟ್ಟಿದ್ದೆವು, ಅಷ್ಟೇ. “ಬ್ಯಾಂಕಿಗೆ ಕೊಡೋ ವರದಿಗೆ ಸಹಿ ನನ್ನದು ತಾನೇ?” ಅಂದರು.

ಪ್ರಶ್ನೆ-ಉತ್ತರ ತೆಗೆದುಹಾಕಿ, ಟೇಬಲ್ ಒಂದನ್ನೇ ಇಟ್ಟುಕೊಂಡೆವು. ಹೊಸ ಮಾಡೆಲ್ ಬಂದಾಗಲೆಲ್ಲ ವಕೀಲರು ಒಪ್ಪಿ ಕೊಟ್ಟ 40 ಹಳೇ ಫೈಲ್‌ಗಳನ್ನು ನಮ್ಮ ನಿಯಮಗಳಿಲ್ಲದೆ ನೇರ ಅದಕ್ಕೇ ಕೊಡ್ತೀವಿ. ಅದರ ಉತ್ತರವನ್ನೂ ನಮ್ಮ ಟೇಬಲನ್ನೂ ಹೋಲಿಸ್ತೀವಿ. ಎಲ್ಲಿ ವ್ಯತ್ಯಾಸ ಉಳಿದಿಲ್ಲವೋ ಆ ಭಾಗಕ್ಕೆ ಇನ್ನು ದುಡಿಯೋದಿಲ್ಲ. ‘ಆರ್. ಸಿದ್ದಪ್ಪ’ನೂ ‘ಸಿದ್ದಪ್ಪ ಬಿನ್ ರಂಗಪ್ಪ’ನೂ ಒಬ್ಬನೇ ಇರಬಹುದೆಂದು ಗುರುತಿಸುವುದು ಒಂದು ಕಾಲಕ್ಕೆ ನಮ್ಮ ಹೆಮ್ಮೆ. ಹಿಂದಿನ ಸಲ ಮಾಡೆಲ್ ಅದನ್ನು ನಮ್ಮಷ್ಟೇ ಚೆನ್ನಾಗಿ ಮಾಡಿತು. ಆ ಕೋಡ್ ಅಳಿಸಿದೆವು. ಫೈಲ್‌ನಲ್ಲಿ ಇಲ್ಲದ ಕಾಗದ ಯಾವುದು ಅನ್ನೋದರಲ್ಲಿ ಈಗಲೂ ನಾವೇ ಮುಂದು.

ಎಷ್ಟು ದಿನ? ಗೊತ್ತಿಲ್ಲ. ಗೆಳೆಯ ಪೂರ್ತಿ ಇದರಲ್ಲೇ ಇದ್ದಾನೆ. ನಾನು ಹಗಲು ಒಂದು ಕಂಪನಿಯಲ್ಲಿ ಕೆಲಸಕ್ಕೆ ಸೇರಿದ್ದೇನೆ, ಸಂಜೆ ಟೇಬಲ್ ನೋಡ್ತೀನಿ. ಅಮ್ಮ ಕೇಳಿದರೆ ಈಗ ಗ್ರಾಹಕರ ಸಂಖ್ಯೆ ಹೇಳೋದಿಲ್ಲ, ಕಳೆದ ವಾರ ಎಷ್ಟು ಕೆಂಪು ಗುರುತು ನಿಜವಾಯಿತು ಅಂತ ಹೇಳ್ತೀನಿ. ಕಳೆದ ವಾರ ಮೂರು.