ಬಸ್ಸಿನ ಗುಂಯ್‌ಗುಡೋದು ನಿಲ್ಲುತ್ತೆ, ರೂಮ್‌ಮೇಟ್ ಮಾತು ಯಾಕೆ ನಿಲ್ಲಲ್ಲ?

ನಮ್ಮ ಹಾಸ್ಟೆಲ್‌ನಲ್ಲಿ ನಾಯ್ಸ್ ಕ್ಯಾನ್ಸಲಿಂಗ್ ಇಯರ್‌ಬಡ್ ಇಟ್ಟುಕೊಂಡಿರುವ ನಮ್ಮೆಲ್ಲರದ್ದೂ ಒಂದೇ ದೂರು. ಊರಿಗೆ ಹೋಗುವ ರಾತ್ರಿ ಬಸ್ಸಿನಲ್ಲಿ ಸ್ವರ್ಗ. ಇಂಟರ್ನಲ್ಸ್ ಹಿಂದಿನ ರಾತ್ರಿ ಪಕ್ಕದ ಮಂಚದ ಫೋನ್ ಮಾತು ಮಾತ್ರ ಚೆನ್ನಾಗಿ ಕೇಳುತ್ತೆ. ಬಡ್ ಕೆಟ್ಟಿಲ್ಲ, ಲೆಕ್ಕವೇ ಹಾಗಿದೆ.

ಬಡ್‌ನ ಹೊರಗಿನ ಮೈಕ್ ಸದ್ದನ್ನು ಹಿಡಿಯುತ್ತದೆ. ಚಿಪ್ ಅದನ್ನು ತಲೆಕೆಳಗು ಮಾಡಿ ಸ್ಪೀಕರ್‌ಗೆ ಕೊಡುತ್ತದೆ. ಕಿವಿಯೊಳಗೆ ಉಬ್ಬಿಗೆ ತಗ್ಗು ಸೇರಿ ಎರಡೂ ಅಳಿಸಿಹೋಗಬೇಕು. ಆದರೆ ಈ ಎದುರು ಅಲೆ 50 ಮೈಕ್ರೋಸೆಕೆಂಡ್ ತಡವಾಯಿತು ಅಂದುಕೊಳ್ಳೋಣ.

ಆರು ಸಿಲಿಂಡರಿನ ಬಸ್ ಎಂಜಿನ್ 1500 ಆರ್‌ಪಿಎಂನಲ್ಲಿ ಓಡುವಾಗ ಸೆಕೆಂಡಿಗೆ 75 ಸಲ ಫೈರ್ ಆಗುತ್ತದೆ, ಅಂದರೆ 75 ಹರ್ಟ್ಸ್. ಅಷ್ಟು ನಿಧಾನದ ಅಲೆಗೆ ಆ ತಡ ಬರೀ 1.35 ಡಿಗ್ರಿ ಫೇಸ್ ವ್ಯತ್ಯಾಸ. ಉಳಿಯುವ ಸದ್ದು ಸುಮಾರು 2.4 ಶೇಕಡಾ. ಮಾತಿನಲ್ಲಿ ಬರುವ 'ಶ'ದಂಥ ಸದ್ದಿನ 3000 ಹರ್ಟ್ಸ್‌ಗೆ ಅದೇ ತಡ 54 ಡಿಗ್ರಿ. 91 ಶೇಕಡಾ ಹಾಗೇ ಉಳಿಯುತ್ತದೆ. 60 ಡಿಗ್ರಿ ದಾಟಿದರೆ ಕಡಿಮೆಯಾಗೋ ಬದಲು ಜಾಸ್ತಿನೇ ಆಗುತ್ತೆ! ಅದಕ್ಕೇ ಚಿಪ್ ಆ ಎತ್ತರದ ಸದ್ದಿನ ತಂಟೆಗೇ ಹೋಗಲ್ಲ. ಅದನ್ನು ತಡೆಯೋದು ಸಿಲಿಕೋನ್ ಟಿಪ್. ಟಿಪ್ ಸಡಿಲವಾದರೆ ಗುಂಯ್ ಸದ್ದೂ ಸಂದಿಯಿಂದ ನುಗ್ಗುತ್ತೆ. ಬಸ್ಸಲ್ಲಿ ಚಿಪ್ಸ್ ಅಗಿಯುವಾಗ ಎಂಜಿನ್ ಸದ್ದು ಬಂದು ಬಂದು ಹೋದರೆ ದೊಡ್ಡ ಸೈಜಿನ ಟಿಪ್ ಹಾಕಿ ನೋಡಬೇಕು.

ಓದುವಾಗ ಇನ್ನೊಂದು ತಮಾಷೆ. ಫ್ಯಾನಿನ ಗುಂಯ್ ಅಷ್ಟು ಹೊತ್ತು ರೂಮ್‌ಮೇಟ್ ಪಿಸುಮಾತನ್ನು ಸ್ವಲ್ಪ ಮುಚ್ಚಿಟ್ಟಿತ್ತು. ಅದನ್ನು ಅಳಿಸಿದ ಮೇಲೆ ಮಾತೇ ಎದ್ದು ಕಾಣುತ್ತೆ. ನಾವು ಕ್ಯಾನ್ಸಲೇಶನ್ ಆನ್ ಇಟ್ಟು, ಮೆತ್ತಗೆ ಮಳೆ ಸದ್ದು ಹಾಕ್ತೀವಿ. ಒಂದೇ ಸಮನೆ ಬರುವ ಆ ಸದ್ದಿನಲ್ಲಿ ಮಾತಿನ ಅಕ್ಷರಗಳು ಮುಳುಗಿಹೋಗುತ್ತವೆ. ಹಾಡು ಹಾಕಿದರೆ ಅದರ ಸಾಲುಗಳೇ ತಲೆ ತಿನ್ನುತ್ತವೆ.

ಗೇಟಿನ ಹೊರಗೆ ನಡೆಯುವಾಗ ಮಾತ್ರ ಟ್ರಾನ್ಸ್‌ಪರೆನ್ಸಿ. ಇಲ್ಲೂ ಅದೇ ಹೊರಗಿನ ಮೈಕ್. ಆದರೆ ಟಿಪ್ ತಡೆದಿರುವ ಸದ್ದನ್ನು ಹಾಗೇ ಒಳಕ್ಕೆ ತಂದುಕೊಡುತ್ತದೆ. ಎಂಜಿನ್ ಸದ್ದೇ ಇಲ್ಲದ ಎಲೆಕ್ಟ್ರಿಕ್ ಸ್ಕೂಟರ್ ಹಿಂದಿನಿಂದ ಬಂದರೆ ನಮಗೆ ಸಿಗುವ ಸುಳಿವು ಟೈರಿನ ಸಣ್ಣ ಸದ್ದೊಂದೇ. ಅದು ಕೇಳಬೇಕಾದರೆ ಹಾಡಿನ ವಾಲ್ಯೂಮ್ ಇಳಿಸಲೇಬೇಕು, ಇಲ್ಲದಿದ್ದರೆ ಯಾವ ಮೋಡ್ ಇದ್ದರೂ ಒಂದೇ. ಜೋರು ಗಾಳಿ ಮೈಕಿಗೆ ನೇರ ಬಡಿದಾಗ ಬರೀ ಬುಸ್ ಅನ್ನುತ್ತೆ. ಜೊತೆಗೆ, ಸದ್ದು ಹಿಂದಿನಿಂದ ಬಂತೋ ಮುಂದಿನಿಂದಲೋ ಅಂತ ಗುರುತಿಸಲು ನೆರವಾಗುವ ಹೊರಗಿವಿಯ ಮಡಿಕೆಗಳ ಕೆಲಸವನ್ನು ಮೈಕ್ ಪೂರ್ತಿ ಮಾಡಲಾರದು. ಹಾಗಾಗಿ ರಸ್ತೆ ದಾಟುವ ಜಾಗದಲ್ಲಿ ನಾವು ಎರಡೂ ಬಡ್ ತೆಗೆದು ಜೇಬಿಗೆ ಹಾಕಿಕೊಳ್ತೀವಿ.